ಸೋಲ್ ಬಗ್ಗಿದರೆ ಕ್ರಾಂಪಾನ್ ನಿಲ್ಲೋದಿಲ್ಲ: ಹಿಮಶಿಖರಕ್ಕೆ ಹೊರಟ ನಮ್ಮ ಜಿಲ್ಲೆಯವರಿಗೆ ಬೂಟಿನ ಮಾರ್ಗದರ್ಶಿ

ಉತ್ತರ ಕನ್ನಡದ ಹುಡುಗರು ಹಿಮಾಲಯಕ್ಕೆ ಹೋಗೋದು ಈಗ ಹೊಸದೇನಲ್ಲ. ಕೇದಾರಕಂಠ, ಬ್ರಹ್ಮತಾಲ್ ಅಂತ ಒಂದೆರಡು ಚಳಿಗಾಲದ ಟ್ರೆಕ್ ಮುಗಿಸಿ ಬರುತ್ತಾರೆ. ಆಮೇಲೆ ಒಂದು ನಿಜವಾದ ಶಿಖರ ಹತ್ತಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗ ಹಲವರು ಆರಿಸಿಕೊಳ್ಳುವುದು ಮನಾಲಿ ಹತ್ತಿರ ಸೋಲಂಗ್ ಕಣಿವೆಯ ಮೇಲಿರುವ ಫ್ರೆಂಡ್‌ಶಿಪ್ ಪೀಕ್. ಎತ್ತರ 5289 ಮೀಟರ್. ಸಿರ್ಸಿಯ ನನ್ನ ಚಿಕ್ಕಪ್ಪನ ಮಗನೂ ಜೂನ್ ಮೊದಲ ವಾರಕ್ಕೆ ಅದನ್ನೇ ಆರಿಸಿಕೊಂಡ. ಅವನ ಪ್ರಶ್ನೆ ಒಂದೇ: "ಅಣ್ಣ, ಕೇದಾರಕಂಠದ ಹಿಮದಲ್ಲಿ ಇದೇ ಶೂ ಹಾಕಿ ನಡೆದಿದ್ದೇನೆ. ಒಳಗೆ ನೀರೂ ಬರಲಿಲ್ಲ. ಮತ್ತೆ ಬೇರೆ ಬೂಟು ಯಾಕೆ?"

ನೀರು ಬರಲಿಲ್ಲ ಅನ್ನೋದು ನಿಜ. ಆದರೆ ಎತ್ತರದ ಹಿಮದಲ್ಲಿ ಟ್ರೆಕಿಂಗ್ ಶೂ ಸೋಲುವುದು ನೀರಿಗಲ್ಲ. ಮೊದಲು ಕೈಕೊಡುವುದು ಅದರ ತಳ, ಆಮೇಲೆ ಚಳಿಗೂ ಅದು ಸೋಲುತ್ತದೆ. ಅವನ ಶೂವನ್ನೇ ಎದುರಿಗಿಟ್ಟುಕೊಂಡು ನಾವು ಮಾಡಿದ ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ನಿಮ್ಮ ಮನೆಯ ಜಗಲಿಯಲ್ಲೂ ಇವನ್ನು ಮಾಡಿ ನೋಡಬಹುದು.

ಮೊದಲು ದಾರಿ ನೋಡಿ, ಆಮೇಲೆ ಶೂ

ಟ್ರೆಕ್ ನಡೆಸುವವರಿಗೆ ಮೂರು ವಿಷಯ ಕೇಳಿ. ಹಿಮದ ಏರು ಎಷ್ಟು ಕಡಿದಾಗಿದೆ? ಶಿಖರದ ದಿನ ಎಷ್ಟು ಹೊತ್ತಿಗೆ ಹೊರಡುತ್ತೀರಿ? ಶೂಗೆ ಎಳೆದು ಹಾಕುವ ಗಿಡ್ಡ ಹಲ್ಲಿನ ಮೈಕ್ರೋಸ್ಪೈಕ್ ಸಾಕಾ, ತಳಕ್ಕೆ ಕಟ್ಟುವ ಉದ್ದ ಉಕ್ಕಿನ ಹಲ್ಲಿನ ಕ್ರಾಂಪಾನ್ ಬೇಕಾ?

ಕೇದಾರಕಂಠದಲ್ಲಿ ಎತ್ತರ ಸುಮಾರು 3800 ಮೀಟರ್. ಜನ ತುಳಿದು ತುಳಿದು ಆದ ದಾರಿ. ಶೂ ಮೇಲೆ ರಬ್ಬರ್ ಪಟ್ಟಿಯ ಮೈಕ್ರೋಸ್ಪೈಕ್ ಎಳೆದುಕೊಂಡರೆ ಸಾಕಾಗುತ್ತದೆ. ಅಲ್ಲಿಗೆ ದಪ್ಪ ಬೂಟು ಹೊತ್ತೊಯ್ಯುವುದು ಸುಮ್ನೆ ಭಾರ. ಫ್ರೆಂಡ್‌ಶಿಪ್ ಪೀಕಿನಲ್ಲಿ ಹಾಗಲ್ಲ. ನಡುರಾತ್ರಿಯ ಆಸುಪಾಸಿಗೆ ಹೊರಡಬೇಕು. ಬಿಸಿಲು ಬಿದ್ದ ಮೇಲೆ ಹಿಮ ಸಡಿಲವಾಗಿ ಕಾಲು ಹೂಳುತ್ತದೆ, ಜಾರುವ ಅಪಾಯವೂ ಜಾಸ್ತಿ. ಅದಕ್ಕೇ ಹಿಮ ಹೆಪ್ಪುಗಟ್ಟಿ ಗಟ್ಟಿಯಾಗಿರುವ ಹೊತ್ತಲ್ಲಿ ಹತ್ತುತ್ತಾರೆ. ಆ ಗಟ್ಟಿ ಹಿಮದ ಏರು 30 ಡಿಗ್ರಿ ದಾಟಿತು ಅಂದರೆ ಮೈಕ್ರೋಸ್ಪೈಕಿನ ಗಿಡ್ಡ ಹಲ್ಲುಗಳನ್ನು ನಂಬುವಂತಿಲ್ಲ. ಕ್ರಾಂಪಾನ್ ಬೇಕೇ ಬೇಕು. ಕ್ರಾಂಪಾನ್ ಬೇಕು ಅಂದ ಕೂಡಲೇ ಗಟ್ಟಿ ತಳದ ಬೂಟೂ ಬೇಕು. ಇವೆರಡೂ ಜೋಡಿ.

ಜಗಲಿ ಅಂಚಿನ ಪರೀಕ್ಷೆ

ಶೂವಿನ ಹಿಮ್ಮಡಿಯನ್ನು ಒಂದು ಕೈಯಲ್ಲಿ, ಮೂತಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ ಸಲೀಸಾಗಿ ಮಡಚಿದರೆ ಅದು ನಡೆಯುವ ಶೂ. ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ನಮ್ಮ ಹುಡುಗನ ಶೂ ಎರಡಕ್ಕೂ ಬಗ್ಗಿತು. ನಡೆಯುವುದಕ್ಕೆ ಅದೇ ಒಳ್ಳೆಯದು. ಯಾಣದ ದಾರಿಯ ಬೇರು, ಉಂಚಳ್ಳಿಯ ಒದ್ದೆ ಮೆಟ್ಟಿಲು, ದೇವಿಮನೆ ಘಟ್ಟದ ಕಾಡುದಾರಿ, ಇಲ್ಲೆಲ್ಲ ತಳ ಬಗ್ಗಿ ನೆಲ ಹಿಡಿಯಬೇಕು.

ಈಗ ಶೂ ಹಾಕಿ ಲೇಸ್ ಕಟ್ಟಿ. ಜಗಲಿಯ ಅಂಚಿನಲ್ಲೋ ಚಿರೇಕಲ್ಲಿನ ಮೆಟ್ಟಿಲಿನ ಮೇಲೋ ಪಾದದ ಮುಂದಿನ ಎರಡು ಇಂಚು ಮಾತ್ರ ಇಟ್ಟು ನಿಲ್ಲಿ. ಹಿಮ್ಮಡಿ ಗಾಳಿಯಲ್ಲಿರಲಿ. ಪಕ್ಕದಲ್ಲಿ ಕಂಬ ಹಿಡಿದುಕೊಳ್ಳಿ. ಒಂದು ನಿಮಿಷ ನಿಂತರೆ ಉತ್ತರ ಸಿಗುತ್ತದೆ. ಮೆತ್ತಗಿನ ತಳವಾದರೆ ಮೂತಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಹಿಮ್ಮಡಿ ಇಳಿಯುತ್ತದೆ, ಮೀನಖಂಡ ನಡುಗಲು ಶುರುವಾಗುತ್ತದೆ. ಗಟ್ಟಿ ತಳದಲ್ಲಿ ಪಾದ ಒಂದು ಹಲಗೆಯ ಮೇಲೆ ನಿಂತ ಹಾಗೆ ಇರುತ್ತದೆ. ಕಾಲಿಗೆ ಕೆಲಸ ಇಲ್ಲ ಅಂತಲ್ಲ, ಆದರೆ ಭಾರದ ದೊಡ್ಡ ಪಾಲನ್ನು ತಳವೇ ಹೊರುತ್ತದೆ.

ಹಿಮದ ಏರಿನಲ್ಲಿ ಗಂಟೆಗಟ್ಟಲೆ ಮಾಡುವುದು ಇದನ್ನೇ. ಹೆಪ್ಪುಗಟ್ಟಿದ ಹಿಮಕ್ಕೆ ಬೂಟಿನ ಮೂತಿಯಿಂದ ಒದ್ದು ಒಂದು ಮೆಟ್ಟಿಲು ಮಾಡಬೇಕು, ಅದರ ಮೇಲೆ ನಿಲ್ಲಬೇಕು, ಮತ್ತೆ ಒದೆಯಬೇಕು. ಮೆತ್ತಗಿನ ಶೂವಿನಿಂದ ಒದೆಯುವುದು ಅಂದರೆ ಗಟ್ಟಿ ನೆಲಕ್ಕೆ ಹಾರೆ ಹಾಕುವ ಬದಲು ಹಸಿ ಅಡಿಕೆ ದಬ್ಬೆ ಚುಚ್ಚಿದ ಹಾಗೆ. ಹೊಡೆತದ ಬಲವೆಲ್ಲ ಬಗ್ಗುವುದರಲ್ಲೇ ಹೋಗುತ್ತದೆ. ಮೆಟ್ಟಿಲು ಆಗುವುದಿಲ್ಲ, ಬೆರಳು ಮಾತ್ರ ನೋಯುತ್ತದೆ. ಅಡ್ಡ ಏರಿನಲ್ಲಿ ಬೂಟಿನ ಅಂಚನ್ನು ಹಿಮಕ್ಕೆ ಒತ್ತಿ ನಡೆಯುವಾಗಲೂ ಇದೇ ಕಥೆ. ತಿರುಚುವ ತಳ ಅಂಚನ್ನು ಹಿಡಿಯುವುದಿಲ್ಲ, ಚಪ್ಪಟೆಯಾಗಿ ಜಾರುತ್ತದೆ.

ಕ್ರಾಂಪಾನ್ ಯಾಕೆ ಕಳಚಿಕೊಳ್ಳುತ್ತದೆ

ಕ್ರಾಂಪಾನ್ ಅಂದರೆ ಬೂಟಿನ ತಳಕ್ಕೆ ಕಟ್ಟುವ ಉಕ್ಕಿನ ಹಲ್ಲುಗಳ ಚೌಕಟ್ಟು. ಮುಂದೊಂದು ತುಂಡು, ಹಿಂದೊಂದು ತುಂಡು, ನಡುವೆ ಉದ್ದ ಹೊಂದಿಸುವ ಒಂದು ಪಟ್ಟಿ. ಟ್ರೆಕಿಂಗ್ ಶೂವಿಗೂ ಇದನ್ನು ಕಟ್ಟಬಹುದು, ಬಾಡಿಗೆ ಅಂಗಡಿಯವರು ಕಟ್ಟಿಯೂ ಕೊಟ್ಟಾರು. ಸಪಾಟು ಹಿಮದಲ್ಲಿ ಹತ್ತು ಹೆಜ್ಜೆ ಏನೂ ಆಗದು. ಏರು ಶುರುವಾದ ಮೇಲೆ ಪ್ರತಿ ಹೆಜ್ಜೆಗೂ ಶೂ ಬಗ್ಗುತ್ತದೆ, ಉಕ್ಕು ಅಷ್ಟು ಬಗ್ಗುವುದಿಲ್ಲ. ಎರಡರ ನಡುವೆ ಸಂದು ಬೀಳುತ್ತದೆ. ಪಟ್ಟಿ ಸಡಿಲವಾಗುತ್ತದೆ, ಚೌಕಟ್ಟು ಪಕ್ಕಕ್ಕೆ ತಿರುಗುತ್ತದೆ. ಕೊನೆಗೆ ಅದು ಕಳಚಿಕೊಳ್ಳುವುದು ಹೆಚ್ಚಾಗಿ ಕಾಲಿನ ಮೇಲೆ ಪೂರ್ತಿ ಭಾರ ಬಿದ್ದಾಗ, ಅಂದರೆ ಕಳಚಲೇಬಾರದ ಜಾಗದಲ್ಲಿ. ತುಂಬ ಹೊತ್ತು ಹೀಗೆ ಬಗ್ಗಿದರೆ ನಡುವಿನ ಪಟ್ಟಿಯೇ ಮುರಿಯಬಹುದು.

ಹಾಗಾಗಬಾರದು ಅಂತ ಪಟ್ಟಿಯನ್ನು ಇನ್ನೂ ಬಿಗಿಯಾಗಿ ಎಳೆಯುತ್ತಾರೆ. ಆಗ ಎರಡನೇ ತೊಂದರೆ. ಮೆತ್ತಗಿನ ಶೂವಿನ ಮೇಲ್ಭಾಗ ಅದುಮಿಕೊಂಡು ಬೆರಳುಗಳಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಮೈನಸ್ ಚಳಿಯಲ್ಲಿ ಇದರಷ್ಟು ಅಪಾಯ ಬೇರೆ ಇಲ್ಲ.

ಬೂಟು ಮತ್ತು ಕ್ರಾಂಪಾನ್ ಹೊಂದಿಸೋಕೆ ಒಂದು ಸರಳ ವರ್ಗೀಕರಣ ಇದೆ. ಬೂಟಿಗೆ ಬಿ0ಯಿಂದ ಬಿ3, ಕ್ರಾಂಪಾನಿಗೆ ಸಿ1ರಿಂದ ಸಿ3. ಸಾಮಾನ್ಯ ಟ್ರೆಕಿಂಗ್ ಶೂ ಬಿ0, ಅದಕ್ಕೆ ಕ್ರಾಂಪಾನ್ ಇಲ್ಲ. ಬಿ1 ಸ್ವಲ್ಪ ಬಗ್ಗುತ್ತದೆ. ಅದಕ್ಕೆ ಪೂರ್ತಿ ಪಟ್ಟಿಯಲ್ಲೇ ಕಟ್ಟುವ ಸಿ1. ಬಿ2 ಕೈಯಲ್ಲಿ ಬಗ್ಗಿಸಿದರೆ ಸ್ವಲ್ಪವೇ ಅಲುಗುತ್ತದೆ. ಅದರ ಹಿಮ್ಮಡಿಯ ಹಿಂದೆ, ಸೋಲಿನ ಮೇಲಂಚಲ್ಲಿ, ಚಾಚಿದ ಒಂದು ಸಣ್ಣ ಕಟ್ಟೆ ಇರುತ್ತದೆ. ಸಿ2 ಕ್ರಾಂಪಾನಿನ ಹಿಂದಿನ ಲಿವರ್ ಆ ಕಟ್ಟೆಗೆ ಕಚ್ಚಿಕೊಳ್ಳುತ್ತದೆ, ಮುಂದೆ ಪಟ್ಟಿ. ಬಿ3 ಪೂರ್ತಿ ಸೆಟೆದ ಬೂಟು, ಮುಂದೂ ಹಿಂದೂ ಕಟ್ಟೆ. ಅದಕ್ಕೆ ಮುಂದೆ ತಂತಿ, ಹಿಂದೆ ಲಿವರ್ ಇರುವ ಸಿ3 ಕೂರುತ್ತದೆ. ಗಟ್ಟಿ ಬೂಟಿಗೆ ಕೆಳಗಿನ ವರ್ಗದ ಕ್ರಾಂಪಾನ್ ನಡೆಯುತ್ತದೆ. ಮೆತ್ತಗಿನ ಬೂಟಿಗೆ ಮೇಲಿನದು ನಡೆಯೋದಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಹೊಂದುತ್ತದಾ ಅಂತ ತಿಳಿಯುವುದು ಹೀಗೆ: ಬೂಟನ್ನು ಕ್ರಾಂಪಾನಿನೊಳಗೆ ಕೂರಿಸಿ, ಪಟ್ಟಿ ಕಟ್ಟದೆ, ಲಿವರ್ ಹಾಕದೆ ಹಾಗೇ ಮೇಲೆತ್ತಿ ಮೆಲ್ಲಗೆ ಅಲ್ಲಾಡಿಸಿ. ಅದು ತಾನಾಗಿ ಬೂಟಿಗೆ ಅಂಟಿಕೊಂಡಿರಬೇಕು. ಮುಂದಿನ ಹಲ್ಲುಗಳು ಮೂತಿಗಿಂತ ಸುಮಾರು ಎರಡು ಸೆಂಟಿಮೀಟರ್ ಹೊರಗಿರಬೇಕು. ಆಮೇಲೆ ಲಿವರ್ ಎತ್ತಿದರೆ ಹೆಬ್ಬೆರಳಿಗೆ ಚೆನ್ನಾಗಿಯೇ ಕೆಲಸ ಕೊಟ್ಟು ಟಕ್ ಅಂತ ಕೂರಬೇಕು. ಸುಲಭವಾಗಿ ಕೂತರೆ ಉದ್ದ ಜಾಸ್ತಿ ಆಗಿದೆ, ನಡುವಿನ ಪಟ್ಟಿಯಲ್ಲಿ ಒಂದು ತೂತು ಒಳಗೆ ತನ್ನಿ.

ಚಳಿಯ ಲೆಕ್ಕ

ಮನಾಲಿ ಇರುವುದು ಸುಮಾರು 2050 ಮೀಟರ್ ಎತ್ತರದಲ್ಲಿ. ಜೂನ್ ಮೊದಲ ವಾರದ ರಾತ್ರಿ ಅಲ್ಲಿ 10 ಡಿಗ್ರಿ ಅಂತ ಇಟ್ಟುಕೊಳ್ಳಿ. ಸಾವಿರ ಮೀಟರ್ ಮೇಲೆ ಹೋದರೆ ಹೆಚ್ಚುಕಡಿಮೆ ಆರೂವರೆ ಡಿಗ್ರಿ ಇಳಿಯುತ್ತದೆ. ಶಿಖರ 3200 ಮೀಟರಿನಷ್ಟು ಮೇಲಿದೆ, ಅಂದರೆ ಸುಮಾರು 21 ಡಿಗ್ರಿ ಕಡಿಮೆ. ಲೆಕ್ಕಕ್ಕೆ ಮೈನಸ್ 11. ಗಾಳಿ ಬೀಸಿದರೆ ಮೈಗೆ ಇನ್ನೂ ಚಳಿ. ಕಾರವಾರದಲ್ಲಿ ಬೆವರು ಒರೆಸಿಕೊಂಡು ಸಾಮಾನು ಕಟ್ಟುವಾಗ ಇದು ತಲೆಗೆ ಹೋಗೋದೇ ಇಲ್ಲ.

ಟ್ರೆಕಿಂಗ್ ಶೂವಿನಲ್ಲಿ ನೀರು ತಡೆಯುವ ಪದರ ಇರುತ್ತದೆ, ಚಳಿ ತಡೆಯುವ ಪದರ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ತಳ ತೆಳು, ಕೆಳಗೆ ಉಕ್ಕು, ಅದರ ಕೆಳಗೆ ಮಂಜುಗಡ್ಡೆ. ಒಳಪದರ ಇರುವ ಬಿ2 ಬೂಟು ಸೀಸನ್ನಿನಲ್ಲಿ ಫ್ರೆಂಡ್‌ಶಿಪ್ ಪೀಕಿಗೆ ಸಾಕು. ಬೇಗ ಕಾಲು ತಣ್ಣಗಾಗುವವರು ಇಲ್ಲಿಗೂ ಡಬಲ್ ಬೂಟು ಹಾಕಲಿ, ತಪ್ಪಿಲ್ಲ. ಡಬಲ್ ಬೂಟು ಅಂದರೆ ಹೊರಗೆ ಗಟ್ಟಿ ಚಿಪ್ಪು, ಒಳಗೆ ಹೊರತೆಗೆಯಬಹುದಾದ ಮೆತ್ತನೆ ಬೂಟು. ಲಡಾಖಿನ ಕಾಂಗ್ ಯಾತ್ಸೆ 2ರ ಹಾಗೆ 6000 ಮೀಟರ್ ದಾಟುವ ಶಿಖರಕ್ಕೆ ಹೊರಟರೆ ಡಬಲ್ ಬೂಟೇ ಬೇಕು. ಒಳಬೂಟನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಒಣಗಿಸಬಹುದು ಅನ್ನುವುದೇ ಅದರ ದೊಡ್ಡ ಲಾಭ. ಒಂದೇ ಪದರದ ಬೂಟು ಬೆವರಿಗೆ ಒದ್ದೆಯಾದರೆ ಬೆಳಗ್ಗೆ ಅದು ಹೆಪ್ಪುಗಟ್ಟಿರುತ್ತದೆ.

ಅಳತೆ

ಸಂಜೆ ಹೊತ್ತು ಅಳೆಯಿರಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಎತ್ತರದಲ್ಲಿ ನಡೆಯುವಾಗಲೂ ಊದುತ್ತದೆ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ. ನಮ್ಮ ಹುಡುಗನ ಎಡಗಾಲು 26.1, ಬಲಗಾಲು 26.5 ಸೆಂಟಿಮೀಟರ್. ದೊಡ್ಡ ಕಾಲೇ ಲೆಕ್ಕ. 26.5 ಅಂದರೆ ಯುರೋಪಿನ ಅಳತೆಯಲ್ಲಿ ಸುಮಾರು 42. ದಪ್ಪ ಉಣ್ಣೆಯ ಸಾಕ್ಸ್ ಹಾಕಿದ ಮೇಲೆ ಅವನಿಗೆ 43 ಸರಿಯಾಯಿತು. ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಅಂಕಿಯನ್ನು ಬರೀ ಶುರುವಿಗೆ ಇಟ್ಟುಕೊಳ್ಳಿ. ಕೊನೆಯ ಮಾತು ಕಾಲಿನದು.

ಲೇಸ್ ಬಿಚ್ಚಿಟ್ಟು ಪಾದವನ್ನು ಪೂರ್ತಿ ಮುಂದೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಲೇಸ್ ಕಟ್ಟಿದ ಮೇಲೆ ಬೆರಳುಗಳನ್ನು ಆಡಿಸಲು ಬರಬೇಕು. ಈಗ ಮೆಟ್ಟಿಲಿನ ಮುಖಕ್ಕೆ ಹತ್ತು ಸಲ ಒದೆಯಿರಿ. ಬೆರಳು ಮುಂದೆ ತಾಗಿತೋ, ಆ ಬೂಟು ಬೇಡ. ಇಳಿಯುವಾಗ ಉಗುರು ಕಪ್ಪಾಗುತ್ತದೆ, ತಾಗುತ್ತಲೇ ಇರುವ ಬೆರಳು ಬೇಗ ಮರಗಟ್ಟುತ್ತದೆ. ಆಮೇಲೆ ಮೆಟ್ಟಿಲು ಹತ್ತಿ. ಹಿಮ್ಮಡಿ ಒಳಗೆ ಚೂರು ಏಳುತ್ತದೆ, ತಳ ಬಗ್ಗದ ಬೂಟಿನಲ್ಲಿ ಅದು ಸಹಜ. ಉಜ್ಜುವಷ್ಟು ಎದ್ದರೆ ಸಹಜವಲ್ಲ.

ಬಿಗಿಯಾದ ಬೂಟಿಗೆ ಎರಡು ಜೊತೆ ಸಾಕ್ಸ್ ತುರುಕುವವರು ತುಂಬ ಜನ. ಚಳಿಗೆ ಅಂತ ಮಾಡುತ್ತಾರೆ, ಆಗುವುದು ಉಲ್ಟಾ. ಬೆಚ್ಚಗಿಡುವುದು ಉಣ್ಣೆಯ ನಡುವೆ ನಿಂತ ಗಾಳಿ ಮತ್ತು ಓಡಾಡುವ ರಕ್ತ. ಅದುಮಿದರೆ ಎರಡೂ ಇಲ್ಲ.

ಬಾಡಿಗೆಯಾ, ಸ್ವಂತವಾ? ನಮ್ಮ ಮಳೆಗಾಲದ ಮಾತು

ಒಂದೇ ಶಿಖರಕ್ಕಾದರೆ ಬಾಡಿಗೆ ತೆಗೆದುಕೊಳ್ಳಿ ಅಂತಲೇ ನಾನು ಹೇಳುವುದು. ದುಡ್ಡು ಉಳಿಯುತ್ತದೆ ಅನ್ನುವುದು ಒಂದು ಕಾರಣ. ನಮ್ಮ ಊರಿನ ಹವೆ ಇನ್ನೊಂದು.

ಈ ಬೂಟುಗಳಲ್ಲಿ ತುಂಬಕ್ಕೆ ರಬ್ಬರ್ ಸೋಲ್ ಮತ್ತು ಮೇಲ್ಭಾಗದ ನಡುವೆ ಪಾಲಿಯುರೆಥೇನ್ ಅನ್ನುವ ಫೋಮಿನ ಪದರ ಇರುತ್ತದೆ. ಗಾಳಿಯಲ್ಲಿನ ತೇವ ಈ ಪದರವನ್ನು ನಿಧಾನವಾಗಿ ಒಡೆಯುತ್ತದೆ. ಹಾಕಿ ನಡೆಯುತ್ತಿದ್ದರೆ ತೇವ ಹಿಂಡಿ ಹೊರಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಒಳಗೇ ಕೂತು ಕೆಲಸ ಮುಂದುವರಿಸುತ್ತದೆ. ಹಾಗಾಗಿ ಹಾಕದೆ ಜೋಪಾನ ಮಾಡಿದ ಬೂಟೇ ಮೊದಲು ಹಾಳಾಗುತ್ತದೆ. ಕಾರವಾರದ ನನ್ನ ಗೆಳೆಯನೊಬ್ಬ ತನ್ನ ಬೂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ. ಸಮುದ್ರಕ್ಕೆ ಹತ್ತಿರದ ಮನೆ. ವರ್ಷಗಳ ನಂತರ ತೆಗೆದಾಗ ಮೇಲೆ ಚೂರು ಬೂಷ್ಟು ಬಿಟ್ಟರೆ ಹೊಸದರ ಹಾಗೇ ಇತ್ತು. ಬೇಸ್ ಕ್ಯಾಂಪಿಗೆ ನಡೆಯುವಾಗ ತಳದ ಫೋಮು ಬಿಸ್ಕತ್ತಿನ ಪುಡಿಯಾಗಿ ಉದುರಿ, ರಬ್ಬರ್ ಸೋಲ್ ಪೂರ್ತಿ ಬಾಯಿಬಿಟ್ಟಿತು. ಹಗ್ಗ ಸುತ್ತಿಕೊಂಡು ವಾಪಸು ಇಳಿದ.

ನೋಡುವುದು ಹೇಗೆ ಅಂದರೆ, ಸೋಲಿನ ಪಕ್ಕದ ಫೋಮನ್ನು ಉಗುರಿನಿಂದ ಬಲವಾಗಿ ಒತ್ತಿ. ಒಳ್ಳೆಯದಾದರೆ ಕುಗ್ಗಿ ವಾಪಸು ಬರುತ್ತದೆ. ಹಾಳಾಗುತ್ತಿದ್ದರೆ ಗುರುತು ಹಾಗೇ ಉಳಿಯುತ್ತದೆ, ಪುಡಿ ಬರುತ್ತದೆ, ಅಥವಾ ಕೂದಲೆಳೆಯ ಬಿರುಕು ಬಾಯ್ದೆರೆಯುತ್ತದೆ. ಮೂತಿಯ ಹತ್ತಿರ ರಬ್ಬರನ್ನು ಬೆರಳಿನಿಂದ ಎಬ್ಬಿಸಿ ನೋಡಿ. ತಯಾರಾಗಿ ಐದಾರು ವರ್ಷ ದಾಟಿದ ಬೂಟು ಬಳಸದೇ ಇದ್ದರೂ ಅನುಮಾನದಿಂದಲೇ ನೋಡಬೇಕು. ಸೆಕೆಂಡ್ ಹ್ಯಾಂಡ್ ಬೂಟು "ಒಂದೇ ಸಲ ಹಾಕಿದ್ದು" ಅಂತ ಸಿಕ್ಕರೆ ಖುಷಿಪಡುವ ಮೊದಲು ಈ ಪರೀಕ್ಷೆ ಮಾಡಿ.

ಕೊಂಡೇ ಕೊಳ್ಳುತ್ತೀರಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಅತಿ ಒಣ ಕೋಣೆಯಲ್ಲಿ, ಗಾಳಿಯಾಡುವ ಹಾಗೆ, ಲೇಸ್ ಸಡಿಲಿಸಿ ಇಡಿ. ಆಗಾಗ ಹಾಕಿಕೊಂಡು ಮನೆಯೊಳಗೆ ಓಡಾಡಿ. ಅಡಿಕೆ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅನ್ನುವುದು ನಿಜ, ಆದರೆ ಆ ಬಿಸಿಗೆ ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಅಲ್ಲಿ ಬೇಡ.

ಬಾಡಿಗೆಯ ಬೂಟಿಗೂ ಇದೇ ಉಗುರಿನ ಪರೀಕ್ಷೆ. ಹಳೆಯ ಪ್ಲಾಸ್ಟಿಕ್ ಚಿಪ್ಪಿನ ಬೂಟಾದರೆ ಹರಡಿನ ಹತ್ತಿರ ಮತ್ತು ಮೂತಿಯಲ್ಲಿ ಬಿರುಕು ಹುಡುಕಿ. ಹಳೆ ಪ್ಲಾಸ್ಟಿಕ್ ಚಳಿಗೆ ಏಕಾಏಕಿ ಸೀಳಿದ್ದುಂಟು. ಒಳಬೂಟು ಒದ್ದೆ ಇದೆಯಾ ಅಂತ ಕೈ ಹಾಕಿ ನೋಡಿ. ಕ್ರಾಂಪಾನನ್ನು ಅದೇ ಅಂಗಡಿಯಲ್ಲಿ, ಅದೇ ಬೂಟಿಗೆ ಹೊಂದಿಸಿಯೇ ತೆಗೆದುಕೊಳ್ಳಿ. ನಮ್ಮ ಹುಡುಗ ಮನಾಲಿಗೆ ಒಂದು ದಿನ ಮೊದಲೇ ಹೋಗಿ, ಊರಿಂದ ಒಯ್ದ ಸಾಕ್ಸ್ ಹಾಕಿಕೊಂಡೇ ಬೂಟು ನೋಡಿದ. ಮೊದಲು ಕೊಟ್ಟ ಜೊತೆಯಲ್ಲಿ ಬಲಗಾಲಿನ ಲಿವರ್ ಕಿರುಬೆರಳಲ್ಲೇ ಕೂರುತ್ತಿತ್ತು. ಒಂದು ತೂತು ಒಳಗೆ ತಂದರೆ ಬೂಟೇ ಕೂರಲಿಲ್ಲ. ಬೇರೆ ಕ್ರಾಂಪಾನ್ ಕೇಳಿ ಪಡೆದ. ಈ ಹೊಂದಾಣಿಕೆ ಬೇಸ್ ಕ್ಯಾಂಪಿನಲ್ಲಿ ಗೊತ್ತಾದರೆ ಮಾಡೋದೇನು ಹೇಳಿ?

ಅಭ್ಯಾಸ ಎಲ್ಲಿ

ಸ್ವಂತ ಬೂಟು ಇದ್ದರೆ ಮೊದಲು ಮನೆಯ ಮೆಟ್ಟಿಲಿನಲ್ಲಿ, ಆಮೇಲೆ ಡಾಂಬರು ರಸ್ತೆಯ ಏರಿನಲ್ಲಿ ದಿನಕ್ಕೊಂದು ಗಂಟೆ ಹಾಕಿ. ಹೆಜ್ಜೆ ಚಿಕ್ಕದಿರಲಿ, ಪಾದ ಇಡಿಯಾಗಿ ಊರಲಿ. ಎಲ್ಲಿ ಬಿಸಿಯಾಗುತ್ತದೆ ಗಮನಿಸಿ. ಗುಳ್ಳೆ ಏಳುವ ಮೊದಲು ಅಲ್ಲಿಗೆ ಟೇಪ್ ಹಚ್ಚುವುದು ರೂಢಿಯಾಗಲಿ. ಕುಮಟಾ-ಗೋಕರ್ಣದ ಕಡಲ ದಂಡೆಗೆ ಒಯ್ಯಬೇಡಿ, ಉಪ್ಪು ಮತ್ತು ಮರಳು ಎರಡೂ ಹೊಲಿಗೆಯ ಶತ್ರು. ಪಾಚಿ ಹಿಡಿದ ಬಂಡೆಗಂತೂ ಬೇಡವೇ ಬೇಡ. ಬಗ್ಗದ ತಳ ಒದ್ದೆ ಕಲ್ಲಿನ ಮೇಲೆ ಟ್ರೆಕಿಂಗ್ ಶೂಗಿಂತ ಬೇಗ ಜಾರುತ್ತದೆ.

ಹಿಮಾಲಯದಲ್ಲೂ ಬೇಸ್ ಕ್ಯಾಂಪಿನವರೆಗೆ ಹಳೆಯ ಟ್ರೆಕಿಂಗ್ ಶೂವೇ ಸಾಕು. ಭಾರದ ಬೂಟು ಬ್ಯಾಗಿನಲ್ಲಿ ಬರಲಿ.

ಹಿಮದ ಮೇಲೆ

ಹೊರಡುವಾಗ ಸಾಕ್ಸ್ ಒಣಗಿರಬೇಕು, ಇದಕ್ಕೆ ವಿನಾಯಿತಿ ಇಲ್ಲ. ಶಿಖರದ ರಾತ್ರಿಗೆ ಅಂತಲೇ ಒಂದು ಜೊತೆ ತೆಗೆದಿಡಿ. ಬೂಟಿನ ಬಾಯಿಗೆ ಹಿಮ ಹೋಗದ ಹಾಗೆ ಗೇಟರ್ ಕಟ್ಟಿ. ಏರುವಾಗ ಹರಡಿನಿಂದ ಮೇಲೆ ಲೇಸ್ ಚೂರು ಸಡಿಲವಿದ್ದರೆ ಕಾಲು ಮುಂದೆ ಬಾಗಲು ಸುಲಭ.

ಪ್ರತಿ ನಿಲುಗಡೆಯಲ್ಲೂ ಬೆರಳು ಆಡಿಸಿ. ನೋವು, ಚಳಿ ಗೊತ್ತಾಗುತ್ತಿದ್ದರೆ ಇನ್ನೂ ಪರವಾಗಿಲ್ಲ. ನೋಯುತ್ತಿದ್ದ ಬೆರಳು ಸುಮ್ಮನಾದರೆ, ಮರಗಟ್ಟಿದ ಹಾಗಾದರೆ, ಅದು ಸರಿಹೋಯಿತು ಅಂತಲ್ಲ. ಕೂಡಲೇ ಗೈಡಿಗೆ ಹೇಳಿ. ಕ್ರಾಂಪಾನ್ ಪಟ್ಟಿ ಮತ್ತು ಲೇಸ್ ಸಡಿಲಿಸಿ, ಕಾಲು ಜೋರಾಗಿ ಬೀಸಿ. ಹತ್ತು-ಹದಿನೈದು ನಿಮಿಷದಲ್ಲಿ ಸ್ಪರ್ಶ ವಾಪಸು ಬರದಿದ್ದರೆ ಇಳಿಯಬೇಕು, ಶಿಖರ ಕಣ್ಣೆದುರು ಇದ್ದರೂ ಸರಿ. ಬೆಳ್ಳಗಾದ ಬೆರಳನ್ನು ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಬೆಂಕಿಗೂ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಇಳಿಯಲು ಶುರು ಮಾಡುವ ಮೊದಲು ಎರಡು ನಿಮಿಷ ಕೂತು ಲೇಸ್ ಮತ್ತೆ ಕಟ್ಟಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದವನ್ನು ಪೂರ್ತಿ ಹಿಂದೆ ಕೂರಿಸಿ. ಹರಡಿನ ಬಾಗುವ ಜಾಗದಲ್ಲಿ ಬಿಗಿ ಮಾಡಿ, ಬೆರಳುಗಳ ಮೇಲೆ ಮಾತ್ರ ಬಿಗಿ ಬೇಡ. ಅಷ್ಟು ಹೊತ್ತಿಗೆ ಬಿಸಿಲು ಬಂದು ಹಿಮ ಮೆತ್ತಗಾಗಿರುತ್ತದೆ, ಕ್ರಾಂಪಾನಿನ ಕೆಳಗೆ ಅಂಟಿ ಉಂಡೆ ಕಟ್ಟುತ್ತದೆ. ಉಂಡೆ ಕಟ್ಟಿದರೆ ಹಲ್ಲು ಹಿಮಕ್ಕೆ ತಾಗುವುದೇ ಇಲ್ಲ. ಕಾಲು ಭಾರ ಅನ್ನಿಸಿದ ಕೂಡಲೇ ಐಸ್ ಆಕ್ಸ್‌ನ ಹಿಡಿಯಿಂದ ಬೂಟಿನ ಪಕ್ಕಕ್ಕೆ ಬಡಿದು ಬೀಳಿಸಿ, ಆಮೇಲೆ ಮುಂದಿನ ಹೆಜ್ಜೆ ಇಡಿ.